ಕಣ್ಣಿಗೆ ಕನ್ನಡ, ಗೂಗಲ್‌ಗೆ ಅಲ್ಲ: ನುಡಿ ಫಾಂಟಿನ ಬರಹ ಹುಡುಕಿದರೆ ಏಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ: ಹಲವು ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ನುಡಿಯಲ್ಲಿ ಟೈಪ್ ಮಾಡಿ ಅದನ್ನೇ ಅಂಟಿಸುತ್ತೇನೆ. ಓದುವವರ ಹತ್ತಿರ ಫಾಂಟ್ ಇರಲಿಕ್ಕಿಲ್ಲವೆಂದು ಪುಟಕ್ಕೇ ಫಾಂಟ್ ಜೋಡಿಸಿದ್ದೇನೆ, ಮೊಬೈಲಿನಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ನನ್ನದೇ ಲೇಖನದ ಶೀರ್ಷಿಕೆಯನ್ನು ಗೂಗಲ್‌ನಲ್ಲಿ ಹಾಕಿದರೆ ಬರುವುದೇ ಇಲ್ಲ. ಯೂನಿಕೋಡ್ ಮಾಡಿ ಎನ್ನುತ್ತಾರೆ. ಕನ್ನಡ ಕನ್ನಡವೇ ತಾನೆ, ವ್ಯತ್ಯಾಸವೇನು?

ಉತ್ತರ: ನಿಮ್ಮ ಪುಟದಲ್ಲಿ ಕಾಣುವುದು ಕನ್ನಡ, ಆದರೆ ಒಳಗೆ ಶೇಖರವಾಗಿರುವುದು ಕನ್ನಡವಲ್ಲ. ಇದನ್ನು ಈಗಲೇ ಕಣ್ಣಾರೆ ನೋಡಬಹುದು. ನಿಮ್ಮ ಲೇಖನವನ್ನು ತೆರೆದು ಬ್ರೌಸರಿನ ಮೇಲ್ಗಡೆ ಇರುವ ಟ್ಯಾಬಿನ ಮೇಲೆ ಕಣ್ಣು ಹಾಯಿಸಿ. ಪುಟಕ್ಕೆ ಜೋಡಿಸಿದ ಫಾಂಟು ಅಲ್ಲಿಯವರೆಗೆ ಹೋಗುವುದಿಲ್ಲ. ಶೀರ್ಷಿಕೆಯಲ್ಲಿ "ಕನ್ನಡ" ಎಂಬ ಪದವಿದ್ದರೆ ಟ್ಯಾಬಿನಲ್ಲಿ `PÀ£ÀßqÀ` ಎಂದು ಕಾಣುತ್ತದೆ. ಕಂಪ್ಯೂಟರಿನಲ್ಲಿ ನಿಜವಾಗಿ ಶೇಖರವಾಗಿರುವುದು ಅದೇ. ಪುಟದ ಒಳಗೆ ನೋಡಿದರೆ ಹೀಗಿರುತ್ತದೆ:

```html
<title>PÀ£ÀßqÀ</title>
<p><font face="Nudi 01 e">PÀ£ÀßqÀ</font></p>
```

ಇದಕ್ಕೆ ಕಾರಣ ಹಳೆಯದು. ವಿಂಡೋಸ್ 95, 98ರ ಕಾಲದ ಫಾಂಟಿನಲ್ಲಿ ಇದ್ದದ್ದು ಒಟ್ಟು 256 ಮನೆಗಳು, ಅದರಲ್ಲೂ ಕೆಲವು ಬಳಸುವಂತಿರಲಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮ್ಮ ಅಕ್ಷರ ರೂಪಗಳು ಸಾವಿರಾರು. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. `P` ಎಂಬ ಮನೆಯಲ್ಲಿ ತಲೆಕಟ್ಟಿಲ್ಲದ ಕ, `À` ಎಂಬಲ್ಲಿ ತಲೆಕಟ್ಟು, `£` ಎಂಬಲ್ಲಿ ತಲೆಕಟ್ಟಿಲ್ಲದ ನ, `ß` ಎಂಬಲ್ಲಿ ನ ಒತ್ತು. ಇವನ್ನು ಸಾಲಾಗಿ ಇಟ್ಟರೆ ಕಣ್ಣಿಗೆ "ಕನ್ನಡ". ಆ ದಿನಗಳಿಗೆ ಇದು ಬಹಳ ಜಾಣ ಪರಿಹಾರ. ಪತ್ರಿಕೆ, ಪುಸ್ತಕ, ಕಚೇರಿ ಪತ್ರಗಳೆಲ್ಲ ಹೀಗೆಯೇ ಅಚ್ಚಾದವು. ಅಚ್ಚಿಗೆ ಬೇಕಾದದ್ದು ಆಕಾರ ಮಾತ್ರ, ಕಾಗದದ ಮೇಲೆ ಸರಿಯಾಗಿ ಬಿದ್ದರೆ ಕೆಲಸ ಮುಗಿಯಿತು.

ಯೂನಿಕೋಡ್ ಆಕಾರವನ್ನು ಉಳಿಸುವುದಿಲ್ಲ, ಅಕ್ಷರವನ್ನು ಉಳಿಸುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಜಾಗವಿದೆ, `U+0C80`ಯಿಂದ `U+0CFF`ವರೆಗೆ. ಅಲ್ಲಿ ಕ ಎಂದರೆ `U+0C95`, ಜಗತ್ತಿನ ಯಾವ ಯಂತ್ರದಲ್ಲೂ ಅದು ಕ. "ಕನ್ನಡ" ಎಂಬುದು ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಎರಡನೆಯ ನ ಕೆಳಗಿಳಿದು ಒತ್ತಾಗಿ ಕಾಣಬೇಕು ಎಂಬುದನ್ನು ಓದುವವರ ಯಂತ್ರದಲ್ಲಿರುವ ಫಾಂಟು ನೋಡಿಕೊಳ್ಳುತ್ತದೆ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂದ ಮೇಲೆ ಇದು ಮನೆಯ ಕಂಪ್ಯೂಟರಿಗೂ ಬಂತು. ಇವತ್ತಿನ ಮೊಬೈಲುಗಳಲ್ಲಿ ಕನ್ನಡದ ಯೂನಿಕೋಡ್ ಫಾಂಟು ಮೊದಲೇ ಇರುತ್ತದೆ.

ಅರ್ಕಾವತ್ತಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. "ಕರ್ನಾಟಕ" ಎಂದು ಉಚ್ಚರಿಸುವಾಗ ರ್ ಮೊದಲು, ನಾ ಆಮೇಲೆ. ಯೂನಿಕೋಡಿನಲ್ಲೂ ಅದೇ ಕ್ರಮ. ಹಳೆಯ ಫಾಂಟಿನಲ್ಲಿ ಅದು `PÀ£ÁðlPÀ`. ನಾ ಎಂಬ `£Á` ಮೊದಲು ಬಂದು, ಅರ್ಕಾವತ್ತಿನ `ð` ಅದರ ಬೆನ್ನಿಗೆ ಬರುತ್ತದೆ, ಏಕೆಂದರೆ ಕಾಗದದ ಮೇಲೆ ಅದು ಕಾಣುವುದು ನಾ ಆದ ಮೇಲೆ.

ಈಗ ಹುಡುಕಾಟಕ್ಕೆ ಬರೋಣ. ಗೂಗಲ್‌ನ ಯಂತ್ರ ನಿಮ್ಮ ಪುಟಕ್ಕೆ ಬಂದಾಗ ಓದುವುದು ಆಕಾರವನ್ನಲ್ಲ, ಸಂಕೇತಗಳನ್ನು. ಯಾರೋ ಮೊಬೈಲಿನಲ್ಲಿ "ಕನ್ನಡ" ಎಂದು ಟೈಪ್ ಮಾಡಿದರೆ `U+0C95` ಮೊದಲಾದ ಐದು ಸಂಕೇತಗಳು ಹೋಗುತ್ತವೆ. ನಿಮ್ಮ ಪುಟದಲ್ಲಿರುವುದು `P`, `À`, `£`. ಒಂದಕ್ಕೂ ತಾಳೆಯಿಲ್ಲ. ನೀವು ಫಾಂಟನ್ನು ಪುಟಕ್ಕೆ ಜೋಡಿಸಿದ್ದರಿಂದ ಓದುವವರ ತೊಂದರೆ ತೀರಿತು, ಹುಡುಕುವವರದ್ದು ತೀರಲಿಲ್ಲ.

ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ಸರ್ಚ್ ಎಂಜಿನ್‌ಗಳು ಪಠ್ಯವನ್ನು ಸೂಚಿಗೆ ಸೇರಿಸುವ ಮೊದಲು ಪದಗಳಾಗಿ ಬಿಡಿಸುತ್ತವೆ. ಚಿಹ್ನೆ ಬಂದಲ್ಲಿ ಪದ ಮುಗಿಯಿತು ಎಂದುಕೊಳ್ಳುವುದು ಸಾಮಾನ್ಯ ರೂಢಿ. ನುಡಿಯಲ್ಲಿ ನ ಇರುವುದು ಪೌಂಡ್ ಚಿಹ್ನೆಯ ಮನೆಯಲ್ಲಿ, ಲ ಇರುವುದು `®` ಮನೆಯಲ್ಲಿ, ಳ ಇರುವುದು `¼` ಮನೆಯಲ್ಲಿ. ಇವೆಲ್ಲ ನಮ್ಮ ಮಾತಿನಲ್ಲಿ ಹೆಜ್ಜೆಹೆಜ್ಜೆಗೂ ಬರುವ ಅಕ್ಷರಗಳು. ಹೀಗಾಗಿ "ಕನ್ನಡ" ಪದ ನಡುವೆಯೇ ಮುರಿದು `PÀ` ಮತ್ತು `ÀßqÀ` ಎಂಬ ಎರಡು ಚೂರಾಗುತ್ತದೆ. ಜೊತೆಗೆ ಇಂಗ್ಲಿಷಿನ ದೊಡ್ಡ, ಚಿಕ್ಕ ಅಕ್ಷರಗಳನ್ನು ಹುಡುಕಾಟದಲ್ಲಿ ಒಂದೇ ಎಂದು ಎಣಿಸುವುದುಂಟು. ನುಡಿಯಲ್ಲಿ `ZÀgÀ` ಎಂದರೆ "ಚರ", `zÀgÀ` ಎಂದರೆ "ದರ". ಅಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ.

ಪುಟಕ್ಕೆ `lang="kn"` ಎಂದು ಸೇರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಪುಟದ ಭಾಷೆ ಯಾವುದೆಂದು ಗೂಗಲ್ ನಿರ್ಧರಿಸುವುದು ಅದರಲ್ಲಿರುವ ಪಠ್ಯವನ್ನು ನೋಡಿ, ಈ ಗುರುತನ್ನು ನೋಡಿ ಅಲ್ಲ. ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಇದೇ ಸಂಕೇತಗಳನ್ನು ಓದುತ್ತದೆ. ಅವರ ಕಿವಿಗೆ ನಿಮ್ಮ ಲೇಖನ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕೇಳಿಸುತ್ತದೆ. ನನಗೆ ಹುಡುಕಾಟಕ್ಕಿಂತ ಹೆಚ್ಚು ನೋವು ಕೊಡುವುದು ಇದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಬೇಕು. ನುಡಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ನುಡಿ ಎಂಬ ಹೆಸರಿನಲ್ಲಿ ಕೀಲಿಮಣೆ ವಿನ್ಯಾಸವಿದೆ, ತಂತ್ರಾಂಶವಿದೆ, ಫಾಂಟುಗಳಿವೆ. ನಿಮ್ಮ ಬೆರಳಿಗೆ ಒಗ್ಗಿರುವುದು ಕೀಲಿಮಣೆ, ಅದನ್ನು ಹಾಗೆಯೇ ಉಳಿಸಿಕೊಳ್ಳಿ. ತಂತ್ರಾಂಶದ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ. ಅದನ್ನು ಆರಿಸಿಕೊಂಡರೆ ಅದೇ ಕೀಲಿಗಳನ್ನು ಒತ್ತಿದರೂ ಹೊರಬರುವುದು ನಿಜವಾದ ಕನ್ನಡ ಅಕ್ಷರ. ಬರಹ ಎಂಬ ತಂತ್ರಾಂಶದಲ್ಲೂ ಹೀಗೆಯೇ. ಡಿಟಿಪಿ ಮಾಡುವ ಗೆಳೆಯರಿಂದ ಬರುವ ಕಡತಗಳು ಮಾತ್ರ ಇನ್ನೂ ಹಳೆಯ ಫಾಂಟಿನಲ್ಲಿರುತ್ತವೆ. ಪೇಜ್‌ಮೇಕರ್‌ನಂಥ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಬಾರದು.

ಹಳೆಯ ಲೇಖನಗಳನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಸಿಗುತ್ತದೆ, ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ್ದನ್ನು ಓದದೆ ಪ್ರಕಟಿಸಬೇಡಿ. ಮೊದಲ ಪೆಟ್ಟು ಬೀಳುವುದು ಲೇಖನದ ನಡುವೆ ಇರುವ ಇಂಗ್ಲಿಷ್ ಪದಗಳಿಗೆ. ಪರಿವರ್ತಕಕ್ಕೆ `P` ಎಂದರೆ ಕ, `D` ಎಂದರೆ ಆ, `F` ಎಂದರೆ ಈ. ಹಾಗಾಗಿ ನೀವು ಬರೆದ `PDF` "ಕ್ಆಈ" ಎಂಬಂಥ ವಿಚಿತ್ರವಾಗಿ ಹೊರಬರುತ್ತದೆ. ಜಾಲತಾಣದ ವಿಳಾಸಗಳೂ ಇದೇ ರೀತಿ ಕೆಡುತ್ತವೆ. ಅಂಥ ಪದಗಳನ್ನು ಮೊದಲೇ ಗುರುತು ಹಾಕಿಟ್ಟು ಆಮೇಲೆ ಕೈಯಾರೆ ಸರಿಮಾಡುವುದೇ ಸುಲಭ. ಅರ್ಕಾವತ್ತು ಬಂದಿರುವ ಪದಗಳನ್ನೂ ಎರಡು ಒತ್ತಕ್ಷರ ಒಟ್ಟಿಗೆ ಬಂದಿರುವ ಪದಗಳನ್ನೂ ಇನ್ನೊಮ್ಮೆ ನೋಡಿ.

ಯೂನಿಕೋಡ್ ಆದಮೇಲೂ ಒಂದು ದೋಷ ಕಣ್ಣು ತಪ್ಪಿಸಿ ಉಳಿಯುತ್ತದೆ. ಅನುಸ್ವಾರದ ಸೊನ್ನೆ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಹೆಚ್ಚುಕಡಿಮೆ ಒಂದೇ, ಸಂಕೇತ ಮಾತ್ರ ಬೇರೆ: ಅನುಸ್ವಾರ `U+0C82`, ಅಂಕಿ `U+0CE6`. "ಬೆಂಗಳೂರು" ಎಂಬುದನ್ನು ಅಂಕಿಯ ಸೊನ್ನೆ ಹಾಕಿ "ಬೆ೦ಗಳೂರು" ಎಂದು ಟೈಪ್ ಮಾಡಿದ ಪುಟಗಳು ಜಾಲದಲ್ಲಿ ಬೇಕಾದಷ್ಟಿವೆ. ಓದುವವರಿಗೆ ಗೊತ್ತೇ ಆಗುವುದಿಲ್ಲ, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವ ಯಂತ್ರಕ್ಕೆ ಅದು ಬೇರೆಯೇ ಪದ. ಪರೀಕ್ಷೆ ಸುಲಭ: ಲೇಖನ ತೆರೆದು `Ctrl+F` ಒತ್ತಿ, ಅನುಸ್ವಾರ ಇರುವ ಪದವೊಂದನ್ನು ಮೊಬೈಲಿನ ಕೀಲಿಮಣೆಯಲ್ಲೋ ಇನ್‌ಸ್ಕ್ರಿಪ್ಟ್‌ನಲ್ಲೋ ಟೈಪ್ ಮಾಡಿ ಹುಡುಕಿ. ಕಣ್ಣೆದುರಿಗೇ ಇದ್ದೂ ಸಿಗದಿದ್ದರೆ ಇದೇ ಕಾರಣವಿರಬಹುದು. ಒಂದೇ ಸಲ ಎಲ್ಲ ೦ಗಳನ್ನೂ ಬದಲಿಸಲು ಹೋಗಬೇಡಿ, ೨೦೧೦ ಎಂದು ಬರೆದ ಇಸವಿಗಳು ಹಾಳಾಗುತ್ತವೆ. ಕನ್ನಡ ಅಕ್ಷರದ ಬೆನ್ನಿಗೆ ಬಂದಿರುವುದನ್ನು ಮಾತ್ರ ಬದಲಿಸಿ.

ಎಲ್ಲ ವಿಕಾರವೂ ಫಾಂಟಿನದ್ದಲ್ಲ ಎಂಬುದೂ ನೆನಪಿರಲಿ, ಇಲ್ಲದಿದ್ದರೆ ತಪ್ಪು ಮದ್ದು ಹಾಕಿದಂತಾಗುತ್ತದೆ. `PÀ£À` ಥರ ಕಂಡರೆ ಅದು ಹಳೆಯ ಫಾಂಟು, ಪರಿವರ್ತಿಸಬೇಕು. `à²•` ಥರ ಪದೇ ಪದೇ `à²` ಬರುತ್ತಿದ್ದರೆ ನಿಮ್ಮ ಪಠ್ಯ ಸರಿಯಾದ ಯೂನಿಕೋಡೇ, ಪುಟ ಮಾತ್ರ ಅದನ್ನು ಯುಟಿಎಫ್-8 ಎಂದು ಘೋಷಿಸಿಲ್ಲ. ಅದಕ್ಕೆ ಪರಿವರ್ತಕ ಬೇಡ, ತಲೆಭಾಗದಲ್ಲಿ ಈ ಸಾಲು ಬೇಕು:

```html
<meta charset="utf-8">
```

ಬರೀ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟಿಲ್ಲ ಅಷ್ಟೆ, ಪಠ್ಯಕ್ಕೆ ಏನೂ ಆಗಿಲ್ಲ. ಸಾಲುಸಾಲು `?????` ಕಂಡರೆ ಮಾತ್ರ ಗಾಬರಿಯಾಗಬೇಕು. ಬ್ಲಾಗನ್ನು ಒಂದು ಕಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಡೇಟಾಬೇಸ್ ಕನ್ನಡವನ್ನು ಉಳಿಸಲಾಗದೆ ಅಳಿಸಿಹಾಕಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಅದು ಯಾವ ಪರಿವರ್ತಕದಿಂದಲೂ ಮರಳಿ ಬರುವುದಿಲ್ಲ, ಹಳೆಯ ಬ್ಯಾಕಪ್ ಇದ್ದರೆ ಮಾತ್ರ ಉಂಟು.

ಪರಿವರ್ತಿಸಿದ ಲೇಖನವನ್ನು ಹೊಸ ಪೋಸ್ಟ್ ಆಗಿ ಹಾಕಬೇಡಿ. ಹಳೆಯ ಪೋಸ್ಟನ್ನೇ ತೆರೆದು ಶೀರ್ಷಿಕೆಯನ್ನೂ ಪಠ್ಯವನ್ನೂ ಬದಲಿಸಿ, ವಿಳಾಸ ಹಾಗೆಯೇ ಇರಲಿ. ಬೇರೆಯವರು ಕೊಟ್ಟಿರುವ ಕೊಂಡಿಗಳು ಹಾಗಾದರೆ ಮುರಿಯುವುದಿಲ್ಲ. ಪಠ್ಯ ಅಂಟಿಸುವಾಗ ಹಳೆಯ ಫಾಂಟಿನ ಹೆಸರು ಉಳಿದುಕೊಳ್ಳದಂತೆ ಫಾರ್ಮ್ಯಾಟಿಂಗ್ ತೆಗೆದು ಅಂಟಿಸಿ. ಲೇಬಲ್‌ಗಳು, ಚಿತ್ರಗಳ ವಿವರಣೆ ಇವು ಮರೆತುಹೋಗುವ ಜಾಗಗಳು, ಅವನ್ನೂ ಬದಲಿಸಿ. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನ `URL Inspection`ನಲ್ಲಿ ಆ ವಿಳಾಸ ಕೊಟ್ಟು ಮತ್ತೆ ಸೂಚಿಗೆ ಸೇರಿಸಲು ಕೇಳಿಕೊಳ್ಳಬಹುದು. ಕೆಲವು ದಿನಗಳಾಗಬಹುದು, ಕೆಲವೊಮ್ಮೆ ವಾರಗಳೂ ಆಗಬಹುದು. ಯೂನಿಕೋಡ್ ಆದ ಮಾತ್ರಕ್ಕೆ ನಿಮ್ಮ ಲೇಖನ ಮೊದಲ ಪುಟಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ಕಾರಣಗಳಿವೆ. ಆದರೆ ನಿಮ್ಮದೇ ಶೀರ್ಷಿಕೆಯ ಹಿಂದೆ `site:` ಜೊತೆ ನಿಮ್ಮ ಬ್ಲಾಗಿನ ವಿಳಾಸ ಸೇರಿಸಿ ಹುಡುಕಿದರೆ ಅದು ಸಾಮಾನ್ಯವಾಗಿ ಸಿಗಬೇಕು. ಸಿಗದಿದ್ದರೆ ಪುಟ ಇನ್ನೂ ಸೂಚಿಗೆ ಸೇರಿಲ್ಲದಿರಬಹುದು, ಇಲ್ಲವೇ ಎಲ್ಲೋ ಒಂದು ಕಡೆ ಹಳೆಯ ಸಂಕೇತ ಉಳಿದಿರಬಹುದು. ಆಗ ಶೀರ್ಷಿಕೆಯಿಂದಲೇ ಪರೀಕ್ಷೆ ಶುರು ಮಾಡಿ.