ಆಸ್ಪತ್ರೆ ಕಾಗದ ಕನ್ನಡಕ್ಕೆ ಬರುವ ದಾರಿಯಲ್ಲಿ

ಮುಂಬೈಗೆ ಚಿಕಿತ್ಸೆಗೆ ಅಂತ ಬರುವ ಕನ್ನಡಿಗರು ಬಹಳ. ಕುಂದಾಪುರದಿಂದ, ವಿಜಯಪುರದಿಂದ, ಕಲಬುರಗಿಯಿಂದ ಬರುತ್ತಾರೆ. ಡೊಂಬಿವಿಲಿಯಲ್ಲೋ ಥಾಣೆಯಲ್ಲೋ ನೆಂಟರ ಮನೆಯಲ್ಲಿ ಉಳಿದು ಪರೇಲ್, ಸಾಯನ್ ಕಡೆಯ ಆಸ್ಪತ್ರೆಗಳಲ್ಲಿ ತೋರಿಸುತ್ತಾರೆ. ಡಿಸ್ಚಾರ್ಜ್ ಆದಾಗ ಕೈಗೆ ಸಿಗುವುದು ಇಂಗ್ಲಿಷಿನ ಮೂರು ನಾಲ್ಕು ಪುಟ. ಊರಲ್ಲಿರುವ ಹೆಂಡತಿಗೆ, ಅಣ್ಣನಿಗೆ ಅದರಲ್ಲಿ ಏನಿದೆ ಅಂತ ತಿಳಿಯಬೇಕು. ಆಗ ಮನೆಯ ಹುಡುಗರು ಮಾಡುವುದು ಒಂದೇ: ಫೋನ್ ತೆಗೆದು ಫೋಟೋ ಹೊಡೆದು, ಪುಕ್ಕಟೆ ಅನುವಾದದ ಆ್ಯಪ್‌ಗೆ ಹಾಕುವುದು. ಅರೆ ನಿಮಿಷದಲ್ಲಿ ಕನ್ನಡ ಬರುತ್ತದೆ.

ಆ ಅರೆ ನಿಮಿಷದಲ್ಲಿ ಕಾಗದ ಎಲ್ಲೆಲ್ಲಿ ಹೋಯಿತು, ಎಲ್ಲೆಲ್ಲಿ ಅದರ ನಕಲು ಉಳಿಯಿತು ಅನ್ನುವುದನ್ನು ಒಂದು ಕಾಗದ ಹಿಡಿದೇ ನೋಡೋಣ. ಐವತ್ತೆಂಟು ವರ್ಷದ ಒಬ್ಬರಿಗೆ ಆಂಜಿಯೋಪ್ಲಾಸ್ಟಿ ಆಗಿದೆ ಅಂತ ಇಟ್ಟುಕೊಳ್ಳಿ. ಮೊದಲ ಪುಟದ ಮೇಲ್ಭಾಗದಲ್ಲಿ ಹೆಸರು, ವಯಸ್ಸು, ವಿಳಾಸ, ಮೊಬೈಲ್ ನಂಬರ್, ಆಸ್ಪತ್ರೆಯ ನೋಂದಣಿ ಸಂಖ್ಯೆ. ಕೆಳಗೆ ಸಕ್ಕರೆ ಕಾಯಿಲೆ ಇದೆಯೆಂಬ ಮಾತು. ಅದರ ಕೆಳಗೆ ರಕ್ತಪರೀಕ್ಷೆಗಳು. ಆಪರೇಷನ್‌ಗೆ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡುವುದು ರೂಢಿ, ಹಾಗಾಗಿ ಅದರ ಫಲಿತಾಂಶವೂ ಅಲ್ಲೇ ಇರುತ್ತದೆ. ಕೊನೆಗೆ ಮಾತ್ರೆಗಳು. ಮನೆಯವರು ಎದೆಯ ವಿಷಯ ತಿಳಿಯಲು ಹೊರಟಿದ್ದಾರೆ, ಆದರೆ ಜೊತೆಗೆ ಇದೆಲ್ಲವೂ ಹೊರಟಿದೆ.

ಬ್ರೌಸರ್‌ನಲ್ಲಿ ಬೀಗದ ಗುರುತು ಇದೆಯಲ್ಲ, ಮತ್ತೇನು ಭಯ ಅನ್ನುವವರಿದ್ದಾರೆ. ಆ ಬೀಗ ದಾರಿಗೆ ಮಾತ್ರ. ರೈಲ್ವೆ ಸ್ಟೇಷನ್ನಿನ ವೈಫೈ ಮೇಲೆ ಯಾರೋ ಕದ್ದು ಓದುವುದನ್ನು ಅದು ತಡೆಯುತ್ತದೆ, ನಿಜ. ಆದರೆ ದಾರಿಯ ಎರಡು ತುದಿಯಲ್ಲಿ, ಅಂದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಮತ್ತು ಆ ಕಡೆಯ ಸರ್ವರ್‌ನಲ್ಲಿ, ಬರಹ ಬಿಚ್ಚಿಕೊಂಡೇ ಇರುತ್ತದೆ. ತೊಂದರೆ ಇರುವುದು ಆ ತುದಿಗಳಲ್ಲಿ.

ಮೊದಲು ಈ ಕಡೆಯ ತುದಿ ನೋಡಿ. ಗೂಗಲ್ ಟ್ರಾನ್ಸ್‌ಲೇಟ್‌ನ ವೆಬ್ ಪುಟ ತೆರೆದು ಒಂದು ಸಾಲು ಹಾಕಿ. ಆಮೇಲೆ ಮೇಲಿನ ವಿಳಾಸದ ಪಟ್ಟಿಯನ್ನು ಗಮನಿಸಿ. ಹೀಗೆ ಕಾಣುತ್ತದೆ:

```
https://translate.google.com/?sl=en&tl=kn&text=HIV%20Non-reactive&op=translate
```

ನೀವು ಹಾಕಿದ ಮಾತು ಪುಟದ ವಿಳಾಸದೊಳಗೇ ಸೇರಿಕೊಂಡಿದೆ. ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುವುದು ಇದೇ ವಿಳಾಸ. ಕ್ರೋಮ್‌ನಲ್ಲಿ ಸಿಂಕ್ ಆನ್ ಇದ್ದರೆ ಅದೇ ಖಾತೆಯ ಬೇರೆ ಫೋನ್, ಲ್ಯಾಪ್‌ಟಾಪ್‌ಗೂ ಹೋಗುತ್ತದೆ. ಆಫೀಸಿನ ಕಂಪ್ಯೂಟರ್ ಆದರೆ ಅಲ್ಲಿಯ ಐಟಿ ವಿಭಾಗದವರಿಗೂ ಕಾಣಬಹುದು. ಇನ್ನು ಸ್ಟೇಷನ್ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದರಂತೂ ಕೇಳಲೇಬೇಡಿ. ವಾಟ್ಸಾಪ್ ವೆಬ್‌ನಿಂದ ಇಳಿಸಿಕೊಂಡ ಪಿಡಿಎಫ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುತ್ತದೆ, ಅನುವಾದದ ವಿಳಾಸ ಹಿಸ್ಟರಿಯಲ್ಲಿ ಇರುತ್ತದೆ. ಮುಂದಿನ ಗಿರಾಕಿ ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಒಬ್ಬರ ರಕ್ತಪರೀಕ್ಷೆ ಅಪರಿಚಿತರ ಕಣ್ಣಿಗೆ ಬೀಳುವ ದಾರಿ ಇದು. ನನ್ನ ಲೆಕ್ಕದಲ್ಲಿ ದೂರದ ಹ್ಯಾಕರ್‌ಗಿಂತ ಇದೇ ಜಾಸ್ತಿ ಹತ್ತಿರದ ಅಪಾಯ.

ಸೈನ್ ಇನ್ ಆಗಿ ಬಳಸಿದರೆ ಅನುವಾದದ ಚರಿತ್ರೆ ಗೂಗಲ್ ಖಾತೆಯಲ್ಲೂ ಸೇರಬಹುದು. myactivity.google.com ತೆರೆದು ಹುಡುಕಿದರೆ ಸಿಗುತ್ತದೆ, ಅಳಿಸಲೂ ಬರುತ್ತದೆ. ಆ ಕೆಲಸ ಇವತ್ತೇ ಮಾಡಬಹುದು. ಆದರೆ ಆ ಕಡೆಯ ತುದಿಯಲ್ಲಿ ಉಳಿದ ನಕಲಿನ ಮೇಲೆ ನಮ್ಮ ಕೈ ಅಷ್ಟು ಸುಲಭವಾಗಿ ಓಡುವುದಿಲ್ಲ.

ಅಲ್ಲಿ ಏನಾಗಬಹುದು ಅನ್ನುವುದಕ್ಕೆ ಎದ್ದು ಕಾಣುವ ಉದಾಹರಣೆ 2017ರದು. ನಾರ್ವೆಯ ಸರ್ಕಾರಿ ತೈಲ ಕಂಪನಿ ಸ್ಟಾಟಾಯಿಲ್ ನೌಕರರು Translate.com ಎಂಬ ಪುಕ್ಕಟೆ ತಾಣದಲ್ಲಿ ಕಾಗದಪತ್ರ ಅನುವಾದ ಮಾಡಿಕೊಂಡಿದ್ದರು. ಆ ಬರಹಗಳು ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತಿದ್ದವು. ಆ ದೇಶದ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಸೆಪ್ಟೆಂಬರ್‌ನಲ್ಲಿ ಸುದ್ದಿ ಮಾಡಿತು. ಕೆಲಸದಿಂದ ತೆಗೆದ ಪತ್ರಗಳು, ಒಪ್ಪಂದಗಳು, ಪಾಸ್‌ವರ್ಡ್‌ಗಳು ಎಲ್ಲ ಬಯಲಲ್ಲಿ. ಇದು ಹ್ಯಾಕಿಂಗ್ ಅಲ್ಲ. ಯಂತ್ರದ ಅನುವಾದವನ್ನು ತಿದ್ದಲು ಆ ತಾಣ ಹಿಂದೆ ಸ್ವಯಂಸೇವಕರನ್ನು ಬಳಸುತ್ತಿತ್ತು. ಅವರಿಗೆ ತೋರಿಸಲು ಇಟ್ಟ ಬರಹಗಳಲ್ಲಿ ಕೆಲವನ್ನು ಸರ್ಚ್ ಎಂಜಿನ್‌ಗಳು ಓದಿ ತಮ್ಮ ಪಟ್ಟಿಗೆ ಸೇರಿಸಿಕೊಂಡವು. ಅಂದರೆ ಸೇವೆಯನ್ನು ಸುಧಾರಿಸಲು ಅಂತ ಮಾಡಿದ ವ್ಯವಸ್ಥೆಯೇ ಸೋರಿತು.

ಈ ಸುಧಾರಣೆ ಅನ್ನುವ ಮಾತೇ ಇಲ್ಲಿ ಮುಖ್ಯ. ಅನುವಾದದ ಯಂತ್ರ ಕಲಿಯುವುದು ಜನ ಹಾಕಿದ ಬರಹದಿಂದ, ತಿದ್ದಿದ ಸಾಲುಗಳಿಂದ. ಪುಕ್ಕಟೆ ಸೇವೆಗಳು ಅದನ್ನು ತಮ್ಮ ನಿಯಮಗಳಲ್ಲಿ ಬರೆದೇ ಇಡುತ್ತವೆ. ಡೀಪ್‌ಎಲ್ ಉದಾಹರಣೆ ನೋಡಿ. ಪುಕ್ಕಟೆ ರೂಪದಲ್ಲಿ ಹಾಕಿದ ಬರಹವನ್ನು ಸ್ವಲ್ಪ ಕಾಲ ಇಟ್ಟುಕೊಂಡು ಯಂತ್ರಕ್ಕೆ ಕಲಿಸಲು ಬಳಸುತ್ತೇವೆ, ಹಣ ಕೊಡುವವರ ಬರಹವನ್ನು ಹಾಗೆ ಬಳಸುವುದಿಲ್ಲ ಅಂತ ಅವರೇ ಹೇಳುತ್ತಾರೆ. ಗೂಗಲ್ ಕೂಡ ಕಂಪನಿಗಳಿಗೆ ಮಾರುವ ಕ್ಲೌಡ್ ಸೇವೆಯಲ್ಲಿ ಗಿರಾಕಿಯ ಬರಹದಿಂದ ಕಲಿಸುವುದಿಲ್ಲ ಎಂಬ ಮಾತು ಕೊಡುತ್ತದೆ. ನಮ್ಮ ನಿಮ್ಮ ಫೋನಿನ ಪುಕ್ಕಟೆ ಆ್ಯಪ್‌ಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಒಂದೇ ಕಂಪನಿಯ ಎರಡು ಬಾಗಿಲು, ಎರಡು ನಿಯಮ.

ಸರಿ, ಹೆಸರು ತೆಗೆದು ಹಾಕಿದರೆ ಆಯ್ತಲ್ವಾ? ಅರ್ಧ ಆಯ್ತು. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು, ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಿನ್‌ಕೋಡ್ ಮಾತ್ರ ಹಾಗೇ ಬಿಟ್ಟು ಸಂಶೋಧಕರಿಗೆ ಕೊಟ್ಟಿತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿಯನ್ನು 20 ಡಾಲರ್‌ಗೆ ಕೊಂಡರು. ರಾಜ್ಯಪಾಲ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಆ ಮೂವರಲ್ಲಿ ವೆಲ್ಡ್ ಅವರ ಪಿನ್‌ಕೋಡ್‌ನಲ್ಲಿ ವಾಸವಾಗಿದ್ದವರು ಒಬ್ಬರೇ. ಹೆಸರಿಲ್ಲದ ದಾಖಲೆಗಳ ರಾಶಿಯಿಂದ ರಾಜ್ಯಪಾಲರ ಕಾಯಿಲೆಯ ವಿವರ ಹೊರಬಂತು.

ನಮ್ಮಲ್ಲೂ ಮತದಾರರ ಪಟ್ಟಿ ಸಾರ್ವಜನಿಕ. ಅದರಲ್ಲಿ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಮನೆ ನಂಬರ್ ಇರುತ್ತದೆ. ಡೊಂಬಿವಿಲಿ ಪೂರ್ವದ ಇಂಥ ಬಿಲ್ಡಿಂಗು, 58 ವರ್ಷ, ಗಂಡಸು ಅಂದರೆ ಇಬ್ಬರೋ ಮೂವರೋ ಉಳಿಯುತ್ತಾರೆ. ಮಾರ್ಚ್‌ನಲ್ಲಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು ಅಂದರೆ ಅಕ್ಕಪಕ್ಕದವರಿಗೆ ಒಬ್ಬರೇ.

ಹಾಗಾಗಿ ನಮ್ಮ ಕಾಗದಕ್ಕೆ ಹಿಂದಿರುಗಿ, ಅದರಲ್ಲಿ ಅನುವಾದ ಬೇಕಾದ್ದು ಎಷ್ಟು ಅಂತ ನೋಡಿ. ಕಾಯಿಲೆ ಏನು, ಏನು ಮಾಡಿದರು, ಮನೆಗೆ ಹೋದ ಮೇಲೆ ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು. ಹೆಚ್ಚೆಂದರೆ ಎಂಟು ಹತ್ತು ಸಾಲು. ಉಳಿದ ಪುಟವನ್ನು ಕಳಿಸುವ ಅಗತ್ಯವೇ ಇಲ್ಲ. ಆ ಸಾಲುಗಳನ್ನು ಕೈಯಿಂದ ಟೈಪ್ ಮಾಡಿ. ಟೈಪ್ ಮಾಡುವಾಗ ವಯಸ್ಸನ್ನು ಬಿಡಿ, ಇಲ್ಲವೇ ಐವತ್ತು ದಾಟಿದವರು ಅಂತ ಹಾಕಿ. ತಾರೀಕಿನ ಜಾಗದಲ್ಲಿ ಮೊದಲ ದಿನ, ಮೂರನೇ ದಿನ ಅಂತ ಬರೆಯಿರಿ. ಆಸ್ಪತ್ರೆ, ಡಾಕ್ಟರ ಹೆಸರು ಬೇಡ. ಕಾಯಿಲೆಯ ಹಿನ್ನೆಲೆ ಬರೆದ ಪ್ಯಾರಾವನ್ನು ಮಾತ್ರ ಎರಡು ಸಲ ಓದಿ. ಮೇಲ್ಭಾಗದ ಹೆಸರು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಇಂಥ ಹೋಟೆಲಿನಲ್ಲಿ ಮ್ಯಾನೇಜರ್, ಮಗಳು ಇಂಥ ಶಾಲೆಯಲ್ಲಿ ಟೀಚರ್ ಎಂಬ ಮಾತು ಇಲ್ಲಿ ಅಡಗಿ ಕೂತಿರುತ್ತದೆ. ಮಾತ್ರೆಗಳ ಪಟ್ಟಿಯನ್ನು ಯಂತ್ರಕ್ಕೆ ಕೊಡಲೇಬೇಡಿ. ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಅಂತ ಆಸ್ಪತ್ರೆಯ ಔಷಧಿ ಕೌಂಟರ್‌ನಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಂಡರೆ ತಪ್ಪೂ ಕಡಿಮೆ.

ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ಪೂರ್ತಿ ಕಡತ ಕಳಿಸುವವರೂ ಇದ್ದಾರೆ. ಅದನ್ನು ನಂಬಬೇಡಿ. ಎಷ್ಟೋ ಆ್ಯಪ್‌ಗಳಲ್ಲಿ ಆ ಪಟ್ಟಿ ಅಕ್ಷರದ ಮೇಲೆ ಕೂತಿರುತ್ತದೆ ಅಷ್ಟೇ, ಅಕ್ಷರ ಕೆಳಗೆ ಹಾಗೇ ಇರುತ್ತದೆ. ಪಟ್ಟಿಯ ಜಾಗವನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಹೆಸರು ಬಂದರೆ ಅನುವಾದದ ಯಂತ್ರವೂ ಅದನ್ನು ಓದುತ್ತದೆ.

ಇನ್ನೊಂದು ದಾರಿ, ಬರಹ ಫೋನಿನಿಂದ ಹೊರಗೇ ಹೋಗದಂತೆ ಮಾಡುವುದು. ಗೂಗಲ್ ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಕನ್ನಡ, ಇಂಗ್ಲಿಷ್, ಮರಾಠಿ ಭಾಷೆಗಳನ್ನು ಇಳಿಸಿಟ್ಟುಕೊಳ್ಳಬಹುದು. ಇಳಿಸಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಇದೆಯೇ ನೋಡಿ, ಆಮೇಲೆ ಅನುವಾದ ಮಾಡಿ. ಅನುವಾದ ಬಂದರೆ ಅದು ಫೋನಿನೊಳಗೇ ಆಯಿತು ಅಂತ ಲೆಕ್ಕ. ಮತ್ತೆ ನೆಟ್ ಆನ್ ಮಾಡುವ ಮುಂಚೆ ಆ್ಯಪ್‌ನ ಹಿಸ್ಟರಿ ಅಳಿಸಿ. ಫೋನಿನೊಳಗಿನ ಯಂತ್ರ ಚಿಕ್ಕದು, ಹಾಗಾಗಿ ಕನ್ನಡ ಸ್ವಲ್ಪ ಒರಟಾಗಿರುತ್ತದೆ, ಉದ್ದ ವಾಕ್ಯಗಳಲ್ಲಿ ಎಡವುತ್ತದೆ. ಒಂದೊಂದೇ ಚಿಕ್ಕ ವಾಕ್ಯ ಹಾಕಿ. ಕಂಪ್ಯೂಟರ್ ಬಲ್ಲವರು ಮನೆಯಲ್ಲಿದ್ದರೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಬಿಟ್ಟ ಇಂಡಿಕ್‌ಟ್ರಾನ್ಸ್2 ಇದೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅದು ಅನುವಾದ ಮಾಡುತ್ತದೆ, ಸ್ವಂತ ಯಂತ್ರದ ಮೇಲೆ ಇಳಿಸಿ ನಡೆಸಬಹುದು.

ದುಡ್ಡು ತೆಗೆದುಕೊಂಡು ಈ ಕೆಲಸ ಮಾಡಿಕೊಡುವವರ ಮಾತು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯವರು ಮನೆಯ ಸಲುವಾಗಿ ಮಾಡಿದ್ದಕ್ಕೆ ಅನ್ವಯಿಸುವುದಿಲ್ಲ. ಇನ್ಶೂರೆನ್ಸ್ ಏಜೆಂಟ್, ಅನುವಾದದ ಕಚೇರಿ, ಆಸ್ಪತ್ರೆ ಇವರಿಗೆ ಆ ವಿನಾಯಿತಿ ಇಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದು ಹಂತಹಂತವಾಗಿ ಜಾರಿಯಾಗುತ್ತಿವೆ. ಕಾಗದ ಕೊಡುವಾಗ ಅನುವಾದ ಯಾವುದರಲ್ಲಿ ಮಾಡುತ್ತೀರಿ, ಕಡತ ಯಾವಾಗ ಅಳಿಸುತ್ತೀರಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಬ್ಯಾಂಕ್ ಸ್ಟೇಟ್‌ಮೆಂಟ್‌ನ ಕಥೆ ಇದಕ್ಕಿಂತ ಕಠಿಣ. ಅಲ್ಲಿ ಹೆಸರು ತೆಗೆದರೂ ಪ್ಯಾನ್ ಉಳಿದರೆ ಅದರ ಐದನೇ ಅಕ್ಷರ ಅಡ್ಡಹೆಸರಿನ ಮೊದಲ ಅಕ್ಷರ. ಐಎಫ್‌ಎಸ್‌ಸಿ ಯಾವ ಶಾಖೆ ಅಂತ ಹೇಳಿಬಿಡುತ್ತದೆ. ಪ್ರತಿ ಯುಪಿಐ ಸಾಲಿನಲ್ಲಿ ಎದುರಿನವರ ಹೆಸರು, ಎಷ್ಟೋ ಸಲ ಅವರ ಮೊಬೈಲ್ ನಂಬರೇ ಐಡಿಯಾಗಿ ಇರುತ್ತದೆ: ಬಾಡಿಗೆ ಮನೆಯ ಮಾಲೀಕರು, ಮಗುವಿನ ಟ್ಯೂಷನ್ ಟೀಚರ್, ಔಷಧಿ ಅಂಗಡಿ. ಅವರ್ಯಾರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಅದೃಷ್ಟಕ್ಕೆ ಇಂಥ ಕಾಗದದಲ್ಲಿ ಅನುವಾದ ಬೇಕಾಗುವುದು ಕಾಲಮ್ಮುಗಳ ತಲೆಬರಹ ಮತ್ತು ಒಂದೆರಡು ಷರತ್ತಿನ ವಾಕ್ಯಗಳಿಗೆ ಮಾತ್ರ. ಅವನ್ನಷ್ಟೇ ಟೈಪ್ ಮಾಡಿ ಅನುವಾದ ತೆಗೆದು, ಪ್ರಿಂಟ್ ಮಾಡಿದ ಸ್ಟೇಟ್‌ಮೆಂಟಿನ ಮೇಲೆ ಪೆನ್ನಿನಲ್ಲಿ ಕನ್ನಡ ಬರೆದುಕೊಟ್ಟರೆ ಅಂಕಿಗಳನ್ನು ಮನೆಯವರು ತಾವೇ ಓದಿಕೊಳ್ಳುತ್ತಾರೆ.