'ಅವರು' ಅಂದರೆ ಯಾರು? ಫ್ರೀಲಾನ್ಸ್ ಕರಾರಿನ ಪ್ರೂಫ್ ಓದುವಾಗ ಬರೆದುಕೊಂಡ ಟಿಪ್ಪಣಿ

ಹೋದ ತಿಂಗಳು ಧಾರವಾಡದ ಡಿಸೈನರ್ ಒಬ್ಬರು ನಾಲ್ಕು ಪುಟದ ಕರಾರು ತಂದುಕೊಟ್ಟರು. ಬ್ಯಾಡಗಿಯ ಖಾರದಪುಡಿ ಕಂಪನಿಯೊಂದಕ್ಕೆ ಪ್ಯಾಕೆಟ್ ಲೇಬಲ್ ಮಾಡಿಕೊಡುವ ಕೆಲಸ, ಒಟ್ಟು 60,000 ರೂಪಾಯಿ. "ಅಕ್ಷರ ತಪ್ಪು ನೋಡಿಕೊಡ್ರಿ ಸಾಕು" ಅಂದರು. ಅಕ್ಷರ ತಪ್ಪು ಸಿಕ್ಕಿದ್ದು ಮೂರೇ. ಉಳಿದ ತೊಂದರೆ ಸರಿಯಾಗಿ ಬರೆದಿದ್ದ ಮಾತುಗಳಲ್ಲೇ ಇತ್ತು. ನನ್ನ ಜೊತೆ ಪ್ರೂಫ್ ಕಲಿಯುತ್ತಿರುವವರಿಗೆ ಆ ಕರಾರನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸರ್ವನಾಮ. ಮೂರನೇ ಕಲಂ ಹೀಗಿತ್ತು:

"ಡಿಸೈನರ್ ಕಂಪನಿಯವರಿಗೆ ಕರಡು ಕಳಿಸಿದ ಮೇಲೆ ಅವರು ತಮ್ಮ ಖರ್ಚಿನಲ್ಲಿ ಮುದ್ರಣದ ಮಾದರಿ ತೆಗೆಸತಕ್ಕದ್ದು."

ಮಾದರಿ ಪ್ರಿಂಟಿನ ದುಡ್ಡು ಯಾರದು? ಕನ್ನಡದಲ್ಲಿ ಮರ್ಯಾದೆಗೆ ಎಲ್ಲರೂ 'ಅವರು'. ಡಿಸೈನರ್ ಹೆಂಗಸು, ಕಂಪನಿಯ ಮಾಲೀಕರು ಗಂಡಸು, ಆದರೂ ಇಬ್ಬರಿಗೂ ಅದೇ ಪದ. 'ತಮ್ಮ' ಅನ್ನೋದು 'ಅವರು' ಯಾರೋ ಅವರ ಹಿಂದೆಯೇ ಹೋಗುತ್ತದೆ, ಆದ್ದರಿಂದ ಒಂದು ಕಡೆ ಗೊಂದಲವಾದರೆ ಎರಡೂ ಕಡೆ ಗೊಂದಲ. ನಾನು ಮಾಡುವುದು ಇಷ್ಟು: ಪ್ರಿಂಟ್ ತೆಗೆದು 'ಅವರು, ತಮ್ಮ, ಅದು, ಸದರಿ, ಮೇಲ್ಕಂಡ' ಇವೆಲ್ಲಕ್ಕೂ ಪೆನ್ಸಿಲ್‌ನಿಂದ ಗೆರೆ ಎಳೆದು, ಪ್ರತಿಯೊಂದರ ತಲೆಯ ಮೇಲೆ 'ಡಿಸೈನರ್' ಅಥವಾ 'ಕಂಪನಿ' ಅಂತ ಬರೆಯುತ್ತೇನೆ. ಬರೆಯುವಾಗ ಕೈ ಒಂದು ಕ್ಷಣ ನಿಂತರೂ ಸಾಕು, ಅಲ್ಲಿ ಸರ್ವನಾಮ ತೆಗೆದು ಹೆಸರು ಹಾಕಬೇಕು. ಒಂದೇ ವಾಕ್ಯದಲ್ಲಿ 'ಕಂಪನಿ' ಎರಡು ಸಲ ಬಂದರೆ ಓದೋಕೆ ಚೆನ್ನಾಗಿರಲ್ಲ, ನಿಜ. ಕರಾರನ್ನು ಯಾರೂ ಸವಿಯೋಕೆ ಓದಲ್ಲ, ಬಿಡಿ.

ಕಂಪ್ಯೂಟರಿನಲ್ಲಿ Ctrl+F ಒತ್ತಿ ಹುಡುಕಬಹುದಲ್ವಾ ಅಂತ ಕೇಳಬಹುದು. ಹುಡುಕಿ, ಆದರೆ ಕಡತ ಹಳೆ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದರೆ ಯೂನಿಕೋಡ್‌ನಲ್ಲಿ 'ಅವರು' ಅಂತ ಹೊಡೆದರೆ ಒಂದೂ ಸಿಗಲ್ಲ, ಸುಮ್ನೆ 'ಇಲ್ಲವೇ ಇಲ್ಲ' ಅಂದುಕೊಂಡು ಮುಂದೆ ಹೋಗಿಬಿಡುತ್ತೀರಿ.

ಇನ್ನು, ಕಾಣುವ ಸರ್ವನಾಮಕ್ಕಿಂತ ಕಾಣದೇ ಇರುವುದು ಜಾಸ್ತಿ ಕಾಟ ಕೊಡುತ್ತದೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ಪೂರ್ತಿ ಅನಿಸುತ್ತದೆ. ಕರಾರಿನ 'ತಕ್ಕದ್ದು' ಮತ್ತು 'ಮಾಡಲಾಗುವುದು' ಎರಡೂ ಕ್ರಿಯಾಪದಗಳು ಯಾರು ಮಾಡಬೇಕು ಅಂತ ಹೇಳಲ್ಲ. ಐದನೇ ಕಲಂ: "ತಿದ್ದುಪಡಿ ಇದ್ದಲ್ಲಿ ಏಳು ದಿನದೊಳಗೆ ಮುಗಿಸತಕ್ಕದ್ದು." ಕಂಪನಿ ಏಳು ದಿನದೊಳಗೆ ತಿದ್ದುಪಡಿ ಹೇಳಿ ಮುಗಿಸಬೇಕೋ, ಡಿಸೈನರ್ ಏಳು ದಿನದೊಳಗೆ ಮಾಡಿ ಮುಗಿಸಬೇಕೋ? ಎರಡೂ ಓದು ಸರಿ. ಅದಕ್ಕೇ 'ತಕ್ಕದ್ದು' ಸಿಕ್ಕಲ್ಲೆಲ್ಲ 'ಯಾರು?' ಅಂತ ಕೇಳಿಕೊಳ್ಳಿ. ಈ ಕಲಂ ಪಕ್ಕದಲ್ಲಿ ನಾನು ಬರೆದ ಪ್ರಶ್ನೆ: "ಇಲ್ಲಿ ಗಡುವು ಕಂಪನಿಗೋ ಡಿಸೈನರ್‌ಗೋ? ಇಬ್ಬರಿಗೂ ಆದರೆ ಎರಡು ವಾಕ್ಯ ಮಾಡಬೇಕು." ನಾನೇ ಒಂದನ್ನು ಆರಿಸಿ ತಿದ್ದಲಿಲ್ಲ. ತಿದ್ದಿದ್ದರೆ ಒಬ್ಬರ ಪರವಾಗಿ ಕರಾರು ಬರೆದಂತೆ ಆಗುತ್ತಿತ್ತು.

ಶುಲ್ಕದ ಕಲಂ ಇನ್ನೂ ಮಜಾ. "ಲೇಬಲ್ ಒಂದಕ್ಕೆ ರೂ. 12,000ರಂತೆ ಎಲ್ಲ ತೆರಿಗೆ ಸೇರಿ." 50 ಗ್ರಾಂನಿಂದ ಒಂದು ಕಿಲೋವರೆಗೆ ಐದು ಅಳತೆಯ ಪ್ಯಾಕೆಟ್, ಅಂದರೆ 60,000. ಆದರೆ ಮೊದಲನೇ ಕಲಂನಲ್ಲಿ "ಮುಂದಿನ ಲೇಬಲ್ ಮತ್ತು ಹಿಂದಿನ ಲೇಬಲ್" ಅಂತ ಬರೆದಿದ್ದರು. ಹಾಗೆ ಎಣಿಸಿದರೆ ಹತ್ತು ಲೇಬಲ್, 1,20,000. ಇದು ಜಗಳಕ್ಕೆ ಸಿದ್ಧವಾಗಿದ್ದ ಜಾಗ. 'ಲೇಬಲ್' ಬದಲು 'ಒಂದು ಅಳತೆಯ ಪ್ಯಾಕೆಟ್, ಎರಡೂ ಬದಿ ಸೇರಿ' ಅಂತ ಸೂಚಿಸಿದೆ.

'ಎಲ್ಲ ತೆರಿಗೆ' ಅನ್ನೋದರಲ್ಲಿ ಎರಡು ಬೇರೆ ಬೇರೆ ವಿಷಯ ಮುದುಡಿಕೊಂಡಿವೆ. ಜಿಎಸ್‌ಟಿ ಬಿಲ್ಲಿನ ಮೇಲೆ ಸೇರುವಂಥದ್ದು, ಟಿಡಿಎಸ್ ಕೊಡುವಾಗ ಮುರಿದುಕೊಳ್ಳುವಂಥದ್ದು. ಈ ಡಿಸೈನರ್ ಜಿಎಸ್‌ಟಿ ನೋಂದಣಿ ಮಾಡಿಸಿದವರು, ದರ 18%. 60,000ದ ಮೇಲೆ ಸೇರಿಸಿದರೆ ಬಿಲ್ 70,800. ಒಳಗೇ ಸೇರಿದೆ ಅಂತ ಓದಿದರೆ 60,000ವನ್ನು 1.18ರಿಂದ ಭಾಗಿಸಬೇಕು, ಡಿಸೈನರ್‌ನ ಶುಲ್ಕ 50,847ಕ್ಕೆ ಇಳಿಯುತ್ತದೆ. ಎರಡು ಪದದಿಂದ ಒಂಬತ್ತು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ! ಟಿಡಿಎಸ್ ಹಾಗಲ್ಲ. ಕಂಪನಿ 60,000ದ ಮೇಲೆ 10% ಮುರಿದುಕೊಂಡರೆ ಆ 6,000 ಡಿಸೈನರ್‌ನ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಹೋಗುತ್ತದೆ, ರಿಟರ್ನ್ಸ್ ಹಾಕುವಾಗ ಅವರ ತೆರಿಗೆ ಲೆಕ್ಕಕ್ಕೆ ಜಮಾ. ಶುಲ್ಕ ಕಡಿಮೆ ಆದಂತಲ್ಲ, ಬ್ಯಾಂಕಿಗೆ ಬರುವುದು ಮಾತ್ರ 70,800ರಲ್ಲಿ 6,000 ಕಳೆದು 64,800. ಈ ಕೆಲಸಕ್ಕೆ ದರ ಎಷ್ಟು ಅನ್ನೋದನ್ನು ಆಡಿಟರ್ ನೋಡಲಿ. ನಾವು ನೋಡಬೇಕಾದ್ದು ಕರಾರಿನಲ್ಲಿ ಎರಡಕ್ಕೂ ಬೇರೆ ವಾಕ್ಯ ಇದೆಯಾ ಅಂತ: "ಶುಲ್ಕ ರೂ. 60,000. ಜಿಎಸ್‌ಟಿ ಇದರ ಮೇಲೆ ಪ್ರತ್ಯೇಕ. ಕಾನೂನಿನಂತೆ ಟಿಡಿಎಸ್ ಇದ್ದರೆ ಕಂಪನಿ ಶುಲ್ಕದಿಂದ ಮುರಿದುಕೊಂಡು ಡಿಸೈನರ್‌ಗೆ ಸರ್ಟಿಫಿಕೇಟ್ ಕೊಡಬೇಕು." ಡಿಸೈನರ್ ಮನಸ್ಸಿನಲ್ಲಿ ಇದ್ದದ್ದೂ ಇದೇ. ಕಂಪನಿ ಒಪ್ಪುತ್ತದೋ ಇಲ್ಲವೋ ಅನ್ನೋದು ಅವರಿಬ್ಬರ ಮಾತು.

ಇನ್ನು ಪದಗಳ ಕಲಸುಮೇಲೋಗರ. ಕರಾರಿನ ಉದ್ದಕ್ಕೂ 'ಡೆಲಿವರಬಲ್ಸ್', 'ಡಿಸೈನ್', 'ಸಿದ್ಧ ಕೆಲಸ', 'ಅಂತಿಮ ಕಡತ', 'ಔಟ್‌ಪುಟ್' ಅಂತ ಐದು ಹೆಸರು. ಬರೆದವರು ಒಂದೇ ಪದ ಮತ್ತೆ ಮತ್ತೆ ಬೇಡ ಅಂತ ಬದಲಾಯಿಸಿರಬೇಕು, ಶಾಲೆಯಲ್ಲಿ ಪ್ರಬಂಧಕ್ಕೆ ಹಾಗೇ ಹೇಳಿಕೊಡುತ್ತಾರಲ್ಲ. ಓದುವವರು ಮಾತ್ರ ಪದ ಬೇರೆಯಾದರೆ ವಸ್ತುವೂ ಬೇರೆ ಅಂದುಕೊಳ್ಳುತ್ತಾರೆ. ನಾಲ್ಕನೇ ಕಲಂ "ಡೆಲಿವರಬಲ್ಸ್ ಕೊಟ್ಟ 15 ದಿನದಲ್ಲಿ ಬಾಕಿ ಹಣ" ಅಂದರೆ, ಆರನೇ ಕಲಂ "ಸಿದ್ಧ ಕೆಲಸ ಒಪ್ಪಿದ ನಂತರ ಬಾಕಿ ಹಣ" ಅನ್ನುತ್ತದೆ. ಕಡತ ಕಳಿಸಿದ ದಿನದಿಂದ ಎಣಿಸಬೇಕೋ, ಕಂಪನಿ 'ಆಯ್ತು' ಅಂದ ದಿನದಿಂದಲೋ?

ಒಂದು ಹಾಳೆಯಲ್ಲಿ ಐದೂ ಪದ, ಕಲಂ ಸಂಖ್ಯೆ, ಅಲ್ಲಿ ಅದರ ಅರ್ಥ ಬರೆದುಕೊಂಡೆ. ನಿಜವಾಗಿ ವಸ್ತು ಇದ್ದದ್ದು ಎರಡೇ. ಒಂದು, ಡಿಸೈನರ್ ಕಳಿಸುವುದೆಲ್ಲ: ಮೂರು ಕರಡು, ತಿದ್ದಿದ ಪ್ರತಿ, ಕೊನೆಯ ಕಡತ. ಇನ್ನೊಂದು, ಕಂಪನಿ ಲಿಖಿತವಾಗಿ ಒಪ್ಪಿದ ಒಂದೇ ಒಂದು. ಮೊದಲನೆಯದಕ್ಕೆ 'ಸಲ್ಲಿಕೆ', ಎರಡನೆಯದಕ್ಕೆ 'ಅಂತಿಮ ಲೇಬಲ್' ಅಂತ ಹೆಸರಿಟ್ಟು, ಎರಡನ್ನೂ ಶುರುವಿನಲ್ಲೇ ವಿವರಿಸಿ, ಆಮೇಲೆ ಎಲ್ಲೂ ಬದಲಾಯಿಸಬಾರದು ಅಂತ ಸೂಚಿಸಿದೆ. ಹಾಂ, ಒಟ್ಟಿಗೆ ಎಲ್ಲವನ್ನೂ ಬದಲಾಯಿಸುವ ಬಟನ್ ಒತ್ತಬೇಡಿ. ನಾನು ಒಮ್ಮೆ 'ಕೆಲಸ' ಹುಡುಕಿ ಬದಲಾಯಿಸಿ, 'ಹತ್ತು ಕೆಲಸದ ದಿನ' ಅನ್ನೋದನ್ನು 'ಹತ್ತು ಅಂತಿಮ ಕಡತದ ದಿನ' ಮಾಡಿಟ್ಟಿದ್ದೆ.

ಈ ಎರಡರ ವ್ಯತ್ಯಾಸ ಎಂಟನೇ ಕಲಂನಲ್ಲಿ ಬಹಳ ತೂಕದ್ದು: "ಎಲ್ಲ ಡಿಸೈನ್ ಹಕ್ಕು ಕಂಪನಿಗೆ." ತಿರಸ್ಕರಿಸಿದ ಎರಡು ಕರಡೂ ಹೋಗುತ್ತವಾ? 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಯಾವ ಕೃತಿ ಅಂತ ಗುರುತಿಸಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ಕಾಯ್ದೆ ತಿಳಿಯುತ್ತದೆ. ಕರಾರಿನಲ್ಲಿ ಈ ಮೂರೂ ಇರಲಿಲ್ಲ. ಖಾರದಪುಡಿ ಹೊರದೇಶಕ್ಕೂ ಕಳಿಸುವ ಕಂಪನಿಗೇ ಇದರಿಂದ ತೊಂದರೆ, ಡಿಸೈನರ್‌ಗಲ್ಲ.

ಹನ್ನೊಂದು ಪ್ರಶ್ನೆ ಬರೆದು ಕಳಿಸಿದೆ. ಕಂಪನಿಯಿಂದ ಬಂದ ಮೊದಲ ಉತ್ತರ: "ಉಳಿದ ಎರಡೂ ಕರಡು ನಮಗ ಬೇಕ್ರೀ." ಡಿಸೈನರ್ ಅದಕ್ಕೆ ಬೇರೆ ದರ ಹೇಳಿದ್ದಾರೆ.