ಹೊರಟವರು ‘ಬರ್ತೀನಿ’ ಅನ್ನುವುದೇಕೆ?

ಪ್ರಶ್ನೆ: ಯಾರ ಮನೆಯಿಂದ ಹೊರಟರೂ ಅಮ್ಮ ‘ಹೋಗ್ತೀನಿ ಅನ್ನಬೇಡ, ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಮತ್ತೆ ಆ ಮನೆಗೆ ಯಾವಾಗ ಬರುತ್ತೇನೋ ನನಗೇ ಗೊತ್ತಿರುವುದಿಲ್ಲ. ಇದು ಸುಳ್ಳಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ವರ್ಷಗಟ್ಟಲೆ ನೀವು ಆ ಕಡೆ ತಲೆ ಹಾಕದಿದ್ದರೂ ‘ಬರ್ತೀನಿ ಅಂದಿದ್ದಳು, ಮಾತು ತಪ್ಪಿದಳು’ ಎಂದು ಯಾರೂ ದೂರುವುದಿಲ್ಲ. ಅಂದರೆ ಆ ಮಾತನ್ನು ಕೇಳಿದವರು ಭರವಸೆ ಎಂದು ತೆಗೆದುಕೊಂಡೇ ಇರಲಿಲ್ಲ.

ಹಾಗಾದರೆ ಅದರ ಕೆಲಸವೇನು? ಎದ್ದು ಹೊರಡುವುದು ಸೂಕ್ಷ್ಮವಾದ ಗಳಿಗೆ. ತಟ್ಟನೆ ಎದ್ದರೆ ಬೇಸರವಾಯಿತೇನೋ ಅನ್ನಿಸುತ್ತದೆ. ಮನೆಯವರು ತಕ್ಷಣ ‘ಸರಿ’ ಅಂದರೆ ಸಾಗಹಾಕಲು ಕಾಯುತ್ತಿದ್ದರು ಅನ್ನಿಸುತ್ತದೆ. ಅದಕ್ಕೇ ಹೊರಡುವ ಕೆಲಸವನ್ನು ಅತಿಥಿ, ಮನೆಯವರು ಇಬ್ಬರೂ ಸೇರಿ ಮಾಡುತ್ತಾರೆ. ‘ಬರ್ಲಾ ಹಾಗಾದ್ರೆ?’ ಎಂದು ಅತಿಥಿ ಅಪ್ಪಣೆ ಕೇಳುತ್ತಾರೆ. ‘ಇಷ್ಟು ಬೇಗನಾ? ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ.’ ‘ಇಲ್ಲ ಇಲ್ಲ, ಹೊತ್ತಾಯ್ತು.’ ಹೆಂಗಸರಾದರೆ ಕುಂಕುಮಕ್ಕೆಂದು ಇನ್ನೊಂದು ನಿಮಿಷ. ಕೊನೆಗೆ ‘ಬರ್ತೀನಿ’, ‘ಹೋಗ್ಬಿಟ್ಟು ಬನ್ನಿ’. ಗೇಟಿನ ಹತ್ತಿರ ಮತ್ತೊಮ್ಮೆ ಅದೇ. ಇಲ್ಲಿ ಊಟದ ಕರೆಯಾಗಲಿ ಹೊತ್ತಿನ ನೆಪವಾಗಲಿ ಅಷ್ಟು ಮುಖ್ಯವಲ್ಲ. ಹೊರಟಿದ್ದರಿಂದ ನಂಟು ಮುಗಿಯಲಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಮುಖ್ಯ. ಫೋನಿನಲ್ಲೂ ಹೀಗೇ: ‘ಇಡ್ಲಾ?’ ಎಂದು ಕೇಳಿ, ಆ ಕಡೆಯಿಂದ ‘ಹ್ಞೂಂ, ಸರಿ’ ಬಂದ ಮೇಲೆ ಇಡುತ್ತೇವೆ.

ಸುದ್ದಿ ಮುಟ್ಟಿಸುವುದಕ್ಕಿಂತ ಮನುಷ್ಯರನ್ನು ಬೆಸೆಯುವುದಕ್ಕೆಂದೇ ಆಡುವ ಇಂಥ ಮಾತಿಗೆ ಮಾನವಶಾಸ್ತ್ರಜ್ಞ ಬ್ರಾನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ‘ಫ್ಯಾಟಿಕ್ ಕಮ್ಯುನಿಯನ್’ ಎಂದು ಹೆಸರಿಟ್ಟರು.

ಆದರೆ ಪದದ ಅರ್ಥ ಪೂರ್ತಿ ಸತ್ತಿದೆ ಎಂದು ನಾನು ಒಪ್ಪುವುದಿಲ್ಲ. ಅದು ಮಲಗಿದೆ, ಅಷ್ಟೇ. ಸಾವಿನ ಮನೆಗೆ ಹೋಗಿ ನೋಡಿ: ಅಲ್ಲಿ ‘ಬರ್ತೀನಿ’ ಅನ್ನುವಂತಿಲ್ಲ. ಇಂಥ ಕಾರಣಕ್ಕೆ ಈ ಮನೆಗೆ ಮತ್ತೆ ಬರುವಂತಾಗಬಾರದು ಎಂಬ ಭಾವನೆ ಇರುವಲ್ಲಿ ಆ ಪದಕ್ಕೆ ಥಟ್ಟನೆ ಎಚ್ಚರವಾಗುತ್ತದೆ. ಗುಣವಾಗಿ ಮನೆಗೆ ಹೊರಟ ರೋಗಿಯೂ ಆಸ್ಪತ್ರೆಯವರಿಗೆ ‘ಬರ್ತೀನಿ’ ಅನ್ನಲು ಹಿಂಜರಿಯುತ್ತಾರೆ. ‘ಹೋಗ್ತೀನಿ’ ಎಂಬುದನ್ನು ಅಮ್ಮ ತಡೆಯುವುದೂ ಇದೇ ಕಾರಣಕ್ಕೆ: ‘ಹೋದರು’ ಎಂದರೆ ತೀರಿಕೊಂಡರು ಎಂದೂ ಆಗುತ್ತದಲ್ಲ.

ಸಾವಿನ ಮನೆಯಿಂದ ಹೊರಡುವಾಗ ಏನು ಹೇಳಬೇಕು ಎಂದು ಮುಂದೆ ನೀವು ಕೇಳಬಹುದು. ಏನೂ ಬೇಡ. ಸ್ವಲ್ಪ ಹೊತ್ತು ಕುಳಿತು, ಸದ್ದಿಲ್ಲದೆ ಎದ್ದು ಬಂದುಬಿಡಿ. ಅಲ್ಲಿ ಮನೆಯವರು ನಿಮ್ಮನ್ನು ಗೇಟಿನವರೆಗೆ ಕಳಿಸಿಕೊಡಲೂ ಬರುವುದಿಲ್ಲ, ಅದಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದೂ ಇಲ್ಲ.